ಆರು ತಿಂಗಳಲ್ಲಿ ಹತ್ತು ಆ್ಯಪ್ ಅಂತ ಆಂಡ್ರಾಯ್ಡ್ ಪ್ಲಾನ್ ಮಾರ್ತಾರೆ, ನನ್ನ ಹಾಗೆ ಬೀಳಬೇಡಿ

ಹೇಳಿಕೊಳ್ಳೋಕೆ ನಾಚಿಕೆ ಆಗ್ತಿದೆ, ಆದರೂ ಬರೀತೀನಿ. ನಾನು ಡಿಪ್ಲೊಮಾ ಐದನೇ ಸೆಮ್. ಕೋಡಿಂಗ್ ಅಂದ್ರೆ ಸೊನ್ನೆ. ದಿನದಿನದ ಪಟ್ಟಿ, ಹತ್ತು ಆ್ಯಪ್, ಡೌಟ್ ಕೇಳೋಕೆ ಮೆಂಟರ್, ಆರು ತಿಂಗಳಲ್ಲಿ ಆಂಡ್ರಾಯ್ಡ್ ಡೆವಲಪರ್ ಅಂದರು. ದುಡ್ಡು ಕಟ್ಟಿಬಿಟ್ಟೆ.

ಕಟ್ಟೋ ಮೊದಲು ಮಾಡಬೇಕಿದ್ದ ಲೆಕ್ಕ ಇದು. ಅವರ ಪ್ಲಾನ್ ದಿನಕ್ಕೆ 4 ಗಂಟೆ, ಭಾನುವಾರವೂ ಸೇರಿ. 26 ವಾರಕ್ಕೆ 728 ಗಂಟೆ. ಕ್ಲಾಸು, ಲ್ಯಾಬು, ರೆಕಾರ್ಡ್ ಬರೆಯೋದು ಮುಗಿದ ಮೇಲೆ ನನಗೆ ಸಿಗೋದು ದಿನಕ್ಕೆ ಒಂದು ಗಂಟೆ, ಭಾನುವಾರ ಮೂರು. ವಾರಕ್ಕೆ 9. ಇಂಟರ್ನಲ್ಸ್, ಪರೀಕ್ಷೆ ಅಂತ 5 ವಾರ ತೆಗೆದರೆ ಉಳಿಯೋದು 189 ಗಂಟೆ. 728 ಎಲ್ಲಿ, 189 ಎಲ್ಲಿ! ಎರಡನೇ ತಿಂಗಳಲ್ಲೇ ಹಿಂದೆ ಬಿದ್ದೆ. ಮೆಂಟರ್‌ಗೆ ಹೇಳಿದ್ದಕ್ಕೆ "ಕ್ಲಾಸ್ ಬಂಕ್ ಮಾಡಿ ಬ್ರೋ, ಅಟೆಂಡೆನ್ಸ್‌ನಿಂದ ಕೆಲಸ ಸಿಗಲ್ಲ" ಅಂದರು. ಆವಾಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ವಿಡಿಯೋ ನೋಡ್ಕೊಂಡು, ಅರ್ಥ ಆಗದಿದ್ದರೂ ಕೋಡ್ ಟೈಪ್ ಮಾಡ್ತಾ ಹೋದೆ. ರನ್ ಆದರೆ ಖುಷಿ.

ಹಾಗೆ ಮಾಡಿದ್ದರಲ್ಲಿ ಒಂದು ಹಾಜರಾತಿ ಆ್ಯಪ್. ಹೆಸರು ಟೈಪ್ ಮಾಡಿ ಬಟನ್ ಒತ್ತಿದರೆ ಕೆಳಗಿನ ಪಟ್ಟಿಗೆ ಸೇರುತ್ತೆ. ಅದನ್ನೇ ಪ್ರಾಜೆಕ್ಟ್ ಅಂತ ಕ್ಲಾಸಲ್ಲಿ ತೋರಿಸಿದೆ. ಲೆಕ್ಚರರ್ ನಾಲ್ಕು ಹೆಸರು ಸೇರಿಸಿದರು, ಐದನೆಯದನ್ನ ಅರ್ಧ ಟೈಪ್ ಮಾಡಿದರು, ಆಮೇಲೆ ಸುಮ್ಮನೆ ಫೋನ್ ಅಡ್ಡ ತಿರುಗಿಸಿದರು. ಪಟ್ಟಿ ಖಾಲಿ! ಟೈಪ್ ಮಾಡಿದ ಅರ್ಧ ಹೆಸರು ಮಾತ್ರ ಹಾಗೇ ಇದೆ.

"ಇದು ಯಾಕೆ ಉಳೀತು, ಅದು ಯಾಕೆ ಹೋಯ್ತು ಹೇಳಪ್ಪಾ."

ನನ್ನ ಬಾಯಿಂದ ಮಾತೇ ಬರಲಿಲ್ಲ. ಇಡೀ ಕ್ಲಾಸ್ ನೋಡ್ತಿದೆ. ಐದು ತಿಂಗಳು ಕಲಿತವನು ನಾನು!

ರಾತ್ರಿ ಮೆಂಟರ್‌ಗೆ ಕೇಳಿದೆ. ಬಂದ ಉತ್ತರ: "ಮ್ಯಾನಿಫೆಸ್ಟ್‌ನಲ್ಲಿ ಈ ಒಂದು ಲೈನ್ ಹಾಕಿ, ತಿರುಗೋದೇ ಇಲ್ಲ."

```xml
android:screenOrientation="portrait"
```

ಹಾಕಿದೆ. ತಿರುಗಲಿಲ್ಲ. ಮರುದಿನ ಜಂಬದಿಂದ ತೋರಿಸೋಕೆ ಹೋದೆ. ಲೆಕ್ಚರರ್ ನಕ್ಕು, ಹೆಸರು ಸೇರಿಸಿ, ಮೇಲಿಂದ ಎಳೆದು ಡಾರ್ಕ್ ಮೋಡ್ ಆನ್ ಮಾಡಿದರು. ಪಟ್ಟಿ ಮತ್ತೆ ಖಾಲಿ. ಮೋಸ ಹೋಗಿದ್ದೀನಿ ಅಂತ ಮನಸ್ಸಿಗೆ ತಟ್ಟಿದ್ದು ಆಗ.

ವಿಷಯ ಬಿಡಿಸಿ ಹೇಳಿದ್ದೂ ಲೆಕ್ಚರರೇ, ಹತ್ತು ನಿಮಿಷದಲ್ಲಿ. ಫೋನ್ ತಿರುಗಿದರೂ, ಡಾರ್ಕ್ ಮೋಡ್ ಬದಲಾದರೂ, ಭಾಷೆ ಬದಲಾದರೂ ಆಂಡ್ರಾಯ್ಡ್ ಮಾಮೂಲಾಗಿ ಆ ಆಕ್ಟಿವಿಟಿಯನ್ನ, ಅಂದ್ರೆ ಆ ಸ್ಕ್ರೀನನ್ನ, ಕಿತ್ತು ಹಾಕಿ ಹೊಸದಾಗಿ ಕಟ್ಟುತ್ತೆ. `onCreate` ಮತ್ತೆ ಓಡುತ್ತೆ. ನನ್ನ ಪಟ್ಟಿ ಆಕ್ಟಿವಿಟಿ ಒಳಗಿನ ಒಂದು ಸಾದಾ `ArrayList`, ಆಕ್ಟಿವಿಟಿ ಜೊತೆಗೇ ಸತ್ತಿತು. ಐಡಿ ಇರೋ `EditText` ತನ್ನ ಅಕ್ಷರಗಳನ್ನ ತಾನೇ ಉಳಿಸಿಕೊಳ್ಳುತ್ತೆ, ಅದಕ್ಕೇ ಅರ್ಧ ಹೆಸರು ಉಳೀತು. ಪಟ್ಟಿಯನ್ನ `ViewModel` ಒಳಗೆ ಇಟ್ಟರೆ ತಿರುಗಿಸಿದರೂ ಇರುತ್ತೆ. ಆದರೆ ಹಿನ್ನೆಲೆಯಲ್ಲಿದ್ದ ಆ್ಯಪ್‌ ಅನ್ನ ಮೆಮೊರಿ ಸಾಲದೆ ಸಿಸ್ಟಮ್ಮೇ ಮುಚ್ಚಿಬಿಟ್ಟರೆ `ViewModel` ಕೂಡ ಹೋಗುತ್ತೆ. ಹಾಜರಾತಿ ಅಂಥದ್ದಕ್ಕೆ `Room` ಡೇಟಾಬೇಸ್ ಬೇಕೇ ಬೇಕು. ಹತ್ತು ಆ್ಯಪ್‌ಗಳ ಆ ಪ್ಲಾನಲ್ಲಿ ಈ ಎರಡು ಹೆಸರೂ ಇಲ್ಲ!

ಇದ್ದದ್ದು ಏನು? `AsyncTask`, ಹಿನ್ನೆಲೆಯಲ್ಲಿ ಕೆಲಸ ಮಾಡಿಸೋ ಹಳೇ ವಿಧಾನ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಅದರ ಮೇಲೆ ಗೆರೆ ಎಳೆದ ಹಾಗೆ ಕಾಣ್ತಿತ್ತು. ಆಗ ಕೇಳಿದ್ದೆ. "ಗೆರೆ ಇದ್ರೆ ಏನಂತೆ, ರನ್ ಆಗುತ್ತಲ್ಲ" ಅಂದಿದ್ದರು. 2020ರಲ್ಲಿ ಆಂಡ್ರಾಯ್ಡ್ 11 ಬಂದಾಗಲೇ ಅದನ್ನ ಇನ್ನು ಬಳಸಬೇಡಿ ಅಂತ ಪಕ್ಕಕ್ಕೆ ಸರಿಸಿದ್ದಾರೆ. ಪ್ಲಾನ್ ಪೂರ್ತಿ ಜಾವಾದಲ್ಲಿ. ಮೊದಲ ಆದ್ಯತೆ ಕಾಟ್ಲಿನ್‌ಗೆ ಅಂತ ಗೂಗಲ್ ಹೇಳಿದ್ದು 2019ರಲ್ಲಿ. ಹಳಸಿದ್ದನ್ನ ಬಿಸಿ ಮಾಡಿ ಬಡಿಸಿದ್ದಾರೆ.

ದುಡ್ಡು ವಾಪಸ್ ಕೇಳಿದೆ. "ನೀವು ಪ್ಲಾನ್ ಪ್ರಕಾರ 4 ಗಂಟೆ ಕೂತಿಲ್ಲ, ತಪ್ಪು ನಿಮ್ಮದೇ." ಗ್ರೂಪ್‌ನಲ್ಲಿ ಡಾರ್ಕ್ ಮೋಡ್ ಕಥೆ ಹಾಕಿದೆ, ಇನ್ನಿಬ್ಬರು "ನಂದೂ ಹಾಗೇ" ಅಂದರು. ಅಷ್ಟೇ, ಮೂವರನ್ನೂ ತೆಗೆದರು.

ಯಾರಾದರೂ ಪ್ಲಾನ್ ಮಾರೋಕೆ ಬಂದರೆ ಅವರದೇ ಆ್ಯಪ್ ಇಸ್ಕೊಂಡು ಏನಾದರೂ ಸೇರಿಸಿ ತಿರುಗಿಸಿ ನೋಡಿ. ಡೆವಲಪರ್ ಆಪ್ಷನ್ಸ್‌ನಲ್ಲಿ "ಡೋಂಟ್ ಕೀಪ್ ಆಕ್ಟಿವಿಟೀಸ್" ಅಂತ ಒಂದಿದೆ, ಅದನ್ನ ಆನ್ ಮಾಡಿ, ಬೇರೆ ಆ್ಯಪ್‌ಗೆ ಹೋಗಿ ವಾಪಸ್ ಬನ್ನಿ, ಸೇರಿಸಿದ್ದು ಉಳಿದಿದೆಯಾ ನೋಡಿ. ದುಡ್ಡು ಆಮೇಲೆ.

ನಾನೀಗ ನನ್ನ 189 ಗಂಟೆಗೆ ತಕ್ಕ ಹಾಗೆ ಮತ್ತೆ ಶುರು ಮಾಡಿದ್ದೀನಿ. ಎರಡು ತಿಂಗಳು ಬರೀ ಕಾಟ್ಲಿನ್, ಎರಡು ತಿಂಗಳು ಕಂಪೋಸ್‌ನಲ್ಲಿ ಸ್ಕ್ರೀನ್ ಮತ್ತು ಸ್ಟೇಟ್, ಕೊನೆಯ ಎರಡರಲ್ಲಿ `Room` ಮತ್ತು ಟೆಸ್ಟಿಂಗ್. ಹತ್ತು ಆ್ಯಪ್ ಇಲ್ಲ, ಒಂದೇ. ಅದೇ ಹಾಜರಾತಿ ಆ್ಯಪ್. ಲೆಕ್ಚರರ್ ಕೈಗೆ ಅದನ್ನೇ ಇನ್ನೊಂದು ಸಲ ಕೊಡಬೇಕು.