ಮೆಸೇಜ್ ಮತ್ತೆ ಬರಬೇಕು, ಆದರೆ ಯಾವಾಗ? ಸ್ನೂಜ್ ಮತ್ತು ರಿಮೈಂಡರ್ ಬಳಸಿ ನೋಡಿದ್ದು

ದಾವಣಗೆರೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಲೆಕ್ಕ ಬರೆಯುವುದು ನಾನು. ಒಂದು ತಿಂಗಳು 5ನೇ ತಾರೀಖು ಆಡಿಟರ್ ಆಫೀಸಿನಿಂದ ಮೇಲ್ ಬಂತು: ಪೈಪ್ ಕಳಿಸುವವರ ಮೂರು ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ನಮ್ಮ ಖರೀದಿಯ ತೆರಿಗೆ ಕ್ರೆಡಿಟ್ ತೋರಿಸುವ ಪಟ್ಟಿಯಲ್ಲಿ, ಬಂದಿದೆಯಾ, ನೋಡಿ ತಿಳಿಸಿ. ಪೈಪ್‌ನವರು 11ರೊಳಗೆ ತಮ್ಮ ರಿಟರ್ನ್‌ನಲ್ಲಿ ಬಿಲ್ ಹಾಕಬೇಕು, ಪೋರ್ಟಲ್‌ನಲ್ಲಿ ನಮ್ಮ 2ಬಿ ಸಿಗುವುದು 14ಕ್ಕೆ, ನಾವು ತಿಂಗಳ ತೆರಿಗೆ ರಿಟರ್ನ್ 3ಬಿ ಫೈಲ್ ಮಾಡಲು ಕೊನೆ ದಿನ 20. ಅಂದರೆ 14ರವರೆಗೆ ಆ ಮೇಲ್‌ಗೆ ಉತ್ತರವೇ ಇಲ್ಲ. 20 ಆದಮೇಲೆ ಉತ್ತರ ಕೊಟ್ಟೂ ಉಪಯೋಗವಿಲ್ಲ. ಅಷ್ಟು ದಿನವೂ ಅದು ಕಣ್ಣಿಗೆ ಬೀಳುತ್ತಿತ್ತು. ದಿನಾ ತೆಗೆದು ಓದುವುದು, ಸುಮ್ನೆ ಮುಚ್ಚುವುದು. ಇಂಥ ಮೆಸೇಜ್‌ಗಳಿಗಾಗಿ ನಾಲ್ಕು ದಾರಿ ಬಳಸಿ ನೋಡಿದೆ.

ಮೊದಲು ಜಿಮೇಲ್‌ನ ಸ್ನೂಜ್. ಮೇಲ್ ಮೇಲೆ ಮೌಸ್ ಇಟ್ಟರೆ ಗಡಿಯಾರದ ಗುರುತು ಬರುತ್ತದೆ. ಒತ್ತಿ ಸಮಯ ಕೊಟ್ಟರೆ ಮೇಲ್ ಇನ್‌ಬಾಕ್ಸ್‌ನಿಂದ ಹೋಗಿ, ಆ ಹೊತ್ತಿಗೆ ಹೊಸ ಮೇಲ್ ಥರ ಮೇಲ್ಗಡೆ ಬಂದು ಕೂರುತ್ತದೆ. ಅಲ್ಲೇ ಸಿದ್ಧವಿರುವ ಆಯ್ಕೆಗಳನ್ನು ನಂಬಿ ಮೊದಮೊದಲು ಎಡವಿದೆ. ‘ನಾಳೆ’ ಅಂದರೆ ಬೆಳಿಗ್ಗೆ 8 ಗಂಟೆ. ಆಗ ನಾನು ಮಗಳನ್ನು ಸ್ಕೂಲಿಗೆ ಹೊರಡಿಸುತ್ತಿರುತ್ತೇನೆ, ಟ್ಯಾಲಿ ಇರುವ ಕಂಪ್ಯೂಟರ್ ಅಂಗಡಿಯಲ್ಲಿರುತ್ತದೆ. ಮೇಲ್ ಬರುತ್ತದೆ, ಮತ್ತೆ ಮುಂದೂಡುತ್ತೇನೆ. ಆಮೇಲೆ ದಿನ, ಸಮಯ ನಾನೇ ಹಾಕಲು ಶುರು ಮಾಡಿದೆ. ಆಡಿಟರ್ ಮೇಲ್‌ಗೆ 15ನೇ ತಾರೀಖು, ಬೆಳಿಗ್ಗೆ 10:30 ಕೊಟ್ಟೆ. ಪೋರ್ಟಲ್ ತಡವಾದರೂ ಇರಲಿ ಅಂತ 14 ಬಿಟ್ಟು ಒಂದು ದಿನ ಮುಂದೆ. ಅಂಗಡಿ ತೆರೆದು ಗಿರಾಕಿಗಳ ಮೊದಲ ಗದ್ದಲ ಮುಗಿಯುವ ಹೊತ್ತು 10:30.

15ಕ್ಕೆ ಮೇಲ್ ಬಂತು. 2ಬಿ ತೆಗೆದರೆ ಎರಡು ಬಿಲ್ ಇತ್ತು, ಮೂರನೆಯದು ಇರಲಿಲ್ಲ. ಆಗಲೇ ಪೈಪ್‌ನವರಿಗೆ ಫೋನ್ ಮಾಡಿದೆ. ಆ ಬಿಲ್ ಅವರ ಕಡೆ ಹಾಕುವುದೇ ಬಿಟ್ಟುಹೋಗಿತ್ತು, ಮುಂದಿನ ತಿಂಗಳು ಹಾಕುತ್ತೇವೆ ಅಂದರು. ಆ ಕ್ರೆಡಿಟ್ ಬಿಟ್ಟು 3ಬಿ ಲೆಕ್ಕ ಸರಿಮಾಡಲು ನನಗೆ ಐದು ದಿನ ಸಿಕ್ಕಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯ ಮೇಲ್ ನನ್ನ ತಮ್ಮನೂ ನೋಡುತ್ತಾನೆ. ಒಂದು ಸಲ ಅವನು “ಅಕ್ಕಾ, ಆ ಕೊಟೇಶನ್ ಮೇಲ್ ಡಿಲೀಟ್ ಮಾಡಿದ್ಯಾ?” ಅಂತ ಗಾಬರಿಯಿಂದ ಕೇಳಿದ. ನಾನು ಸ್ನೂಜ್ ಮಾಡಿದ್ದೆ, ಅದು ಅವನಿಗೂ ಮಾಯವಾಗಿತ್ತು. ಒಂದೇ ಅಕೌಂಟ್ ಅಲ್ವಾ. ಹುಡುಕುವ ಜಾಗದಲ್ಲಿ ಇದನ್ನು ಟೈಪ್ ಮಾಡಿದರೆ ಎಲ್ಲವೂ ಸಿಗುತ್ತವೆ:

```
in:snoozed
```

ಎರಡನೆಯದು ಗೂಗಲ್ ಟಾಸ್ಕ್ಸ್. ಮೇಲ್ ಅನ್ನು ಟಾಸ್ಕ್ ಮಾಡಿದರೆ ಅದಕ್ಕೆ ಮೇಲ್‌ನ ಕೊಂಡಿ ಅಂಟಿಕೊಂಡಿರುತ್ತದೆ. ಏನು ಮಾಡಬೇಕು ಅಂತ ನನ್ನ ಮಾತಲ್ಲೇ ಬರೆದಿಡಬಹುದು, ಅದು ಇಷ್ಟವಾಯಿತು. ಆದರೆ ಮೇಲ್ ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಫೋನಿನಲ್ಲಿ ಗಂಟೆ ಬಾರಿಸಿದಾಗ ಗಿರಾಕಿ ಎದುರಿಗಿದ್ದರೆ ಬೆರಳು ತಾನಾಗೇ ಅದನ್ನು ಸರಿಸಿಬಿಡುತ್ತದೆ. ಪಟ್ಟಿ ತೆರೆದು ನೋಡುವ ಅಭ್ಯಾಸ ನನಗಿಲ್ಲ, ಇನ್‌ಬಾಕ್ಸ್ ನೋಡುವ ಅಭ್ಯಾಸ ಇದೆ. ಹಾಗಾಗಿ ಮೇಲ್‌ಗೆ ಸ್ನೂಜ್ ಗೆದ್ದಿತು.

ವಾಟ್ಸಾಪ್ ಕಥೆ ಬೇರೆ. ನಮ್ಮ ವ್ಯಾಪಾರ ಜಾಸ್ತಿ ನಡೆಯುವುದು ಅಲ್ಲೇ. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಅನ್ನೇ ಸ್ನೂಜ್ ಮಾಡಬಹುದು, ನನ್ನ ಫೋನಿನಲ್ಲಿ 15 ನಿಮಿಷದಿಂದ 2 ಗಂಟೆವರೆಗೆ. ಬಸ್ಸಿನಲ್ಲಿರುವಾಗ “ಸ್ಟೇಟ್‌ಮೆಂಟ್ ಕಳಿಸಿ” ಅಂತ ಬಂದರೆ ಒಂದು ಗಂಟೆ ಕೊಟ್ಟರೆ ಸಾಕು, ಅಷ್ಟರಲ್ಲಿ ಅಂಗಡಿ ಸೇರಿರುತ್ತೇನೆ. ಆದರೆ ಮೆಸೇಜ್ ತೆರೆದು ಓದಿಬಿಟ್ಟರೆ ಸ್ನೂಜ್ ಮಾಡಲು ನೋಟಿಫಿಕೇಶನ್ನೇ ಉಳಿಯುವುದಿಲ್ಲ. ನಾಳೆ, ನಾಡಿದ್ದಿನ ಕೆಲಸಕ್ಕಂತೂ ಇದು ಆಗುವುದಿಲ್ಲ.

ಅದಕ್ಕೆ ಟೆಲಿಗ್ರಾಂ ಹಿಡಿದೆ. ವಾಟ್ಸಾಪ್ ಮೆಸೇಜ್ ಕಾಪಿ ಮಾಡಿ, ಟೆಲಿಗ್ರಾಂನ Saved Messagesನಲ್ಲಿ ಪೇಸ್ಟ್ ಮಾಡಿ, ಕಳಿಸುವ ಬಟನ್ ಒತ್ತಿ ಹಿಡಿದರೆ Set a reminder ಅಂತ ಬರುತ್ತದೆ. ಯಾವ ದಿನ, ಎಷ್ಟು ಗಂಟೆ ಬೇಕಾದರೂ ಕೊಡಬಹುದು. ಮೂಲ ಚಾಟ್‌ಗೆ ಕೊಂಡಿ ಇರುವುದಿಲ್ಲ, ಅದಕ್ಕೇ ಮೊದಲ ಸಾಲಿನಲ್ಲಿ ಯಾರು ಕೇಳಿದ್ದು ಅಂತ ಬರೆಯುತ್ತೇನೆ: “ಹರಿಹರದ ಕಾಂಟ್ರಾಕ್ಟರ್, ಟೈಲ್ಸ್ ರೇಟ್, ಗುರುವಾರ ಲೋಡ್ ಬಂದಮೇಲೆ.” ಕಾಪಿ, ಪೇಸ್ಟ್ ಅಂತ ಅರ್ಧ ನಿಮಿಷ ಹಿಡಿಯುತ್ತದೆ. ನನಗೆ ಅದು ಒಳ್ಳೆಯದೇ ಅನಿಸಿತು. ಅರ್ಧ ನಿಮಿಷಕ್ಕೂ ಬೆಲೆಯಿಲ್ಲದ ಮೆಸೇಜ್‌ಗೆ ಅಲ್ಲೇ “ಆಗಲ್ಲ” ಅಂತ ಉತ್ತರ ಕೊಟ್ಟುಬಿಡುತ್ತೇನೆ.

ಈಗ ಮೇಲ್‌ಗೆ ಜಿಮೇಲ್ ಸ್ನೂಜ್, ವಾಟ್ಸಾಪ್‌ಗೆ ಟೆಲಿಗ್ರಾಂ, ಬಸ್ಸಿನಲ್ಲಿ ಮಾತ್ರ ನೋಟಿಫಿಕೇಶನ್ ಸ್ನೂಜ್. ಯಾವುದಾದರೂ ಮೂರನೇ ಸಲ ಮುಂದೂಡಬೇಕಾಗಿ ಬಂದರೆ ಸಮಯ ಬದಲಿಸುವುದಿಲ್ಲ. ಹೋದ ವಾರ ಹಾಗೆ ಒಂದು ರೇಟ್ ವಿಚಾರಣೆ ಮೂರನೇ ಸಲ ಬಂತು. ನೋಡಿದರೆ ಅಳತೆ ಎಷ್ಟು ಅಂತ ಅವರು ಬರೆದೇ ಇರಲಿಲ್ಲ. ಫೋನ್ ಮಾಡಿ ಕೇಳಿದೆ, ಎರಡು ನಿಮಿಷದಲ್ಲಿ ಮುಗಿಯಿತು.