ಸಾಲಿಡ್‌ವರ್ಕ್ಸ್ ಜೊತೆ ನಾಲ್ಕು ವರ್ಷ: ಥ್ರೆಡ್ ಬಿಟ್ಟು ಗೆದ್ದೆ, ಫಿಲೆಟ್ ಬಿಟ್ಟು ಸೋತೆ

ತುಮಕೂರು ಹತ್ತಿರದ ವಸಂತನರಸಾಪುರದಲ್ಲಿ ಪ್ಯಾಕಿಂಗ್ ಮಷಿನ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಡಿಸೈನರ್. ನಾಲ್ಕು ವರ್ಷದಿಂದ ದಿನಕ್ಕೆ ಎಂಟು ಗಂಟೆ ಮಷಿನ್‌ಗಳ 3ಡಿ ಮಾಡೆಲ್ ಬರೆಯೋ ಸಾಲಿಡ್‌ವರ್ಕ್ಸ್ ಮುಂದೆಯೇ ಕೂತಿದ್ದೇನೆ. ಏನೇನು ಫೀಚರ್ ಇದೆ ಅನ್ನೋದು ನಿಮಗೆ ಗೊತ್ತೇ ಇರುತ್ತೆ, ಅದನ್ನು ಬಿಡೋಣ. ಪಾರ್ಟ್ ಎಲ್ಲ ಜೋಡಿಸಿದ ದೊಡ್ಡ ಅಸೆಂಬ್ಲಿ ತೆರೆದಾಗ ಇದು ಹೇಗೆ ನಡ್ಕೊಳ್ಳುತ್ತೆ ಅನ್ನೋದಷ್ಟೇ ಬರೀತೀನಿ.

ಮೊದಲ ವರ್ಷ ನನ್ನ ಬೆಳಗ್ಗೆ ಹೀಗಿರುತ್ತಿತ್ತು. ಎಂಟೂವರೆಗೆ ಮೇನ್ ಅಸೆಂಬ್ಲಿ ಮೇಲೆ ಡಬಲ್ ಕ್ಲಿಕ್. ಎದ್ದು ಗೇಟ್ ಹೊರಗಿನ ಗೂಡಂಗಡಿಗೆ ಹೋಗಿ ಟೀ ಹೇಳೋದು. ಟೀ ಬಂದು, ಆರಿಸಿಕೊಂಡು ಕುಡಿದು, ನಿನ್ನೆಯ ಮ್ಯಾಚ್ ಮಾತಾಡಿ ವಾಪಸ್ ಬಂದರೂ ಪರದೆ ಮೇಲೆ ಚಕ್ರ ತಿರುಗ್ತಾನೇ ಇರೋದು. ಒಂಬತ್ತು ನಿಮಿಷ. ಮೌಸ್ ಹಿಡಿದು ಮಷಿನ್ ತಿರುಗಿಸಿದರೆ ಅದು ಎತ್ತಿನ ಗಾಡಿ ಥರ ತಡವರಿಸಿ ತಿರುಗೋದು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸಿ ಅಂತ ಮಾಲೀಕರನ್ನು ಕೇಳಿದೆ. "ಮೊದ್ಲು ಇರೋದ್ರಲ್ಲಿ ಮಾಡಪ್ಪ" ಅಂದರು.

ತಪ್ಪು ನನ್ನದೇ ಇತ್ತು. ಕಾಲೇಜಿಂದ ಹೊಸದಾಗಿ ಬಂದವನು, ಬೋಲ್ಟ್ ಅಂದರೆ ಸುರುಳಿ ಥ್ರೆಡ್ ಇರಲೇಬೇಕು ಅನ್ನೋ ಹುಮ್ಮಸ್ಸು. ಹೆಲಿಕ್ಸ್ ಎಳೆದು, 1.25 ಮಿಮೀ ಪಿಚ್ ಕೊಟ್ಟು, ಎಂ8 ಬೋಲ್ಟ್‌ಗೆ ನಿಜವಾಗಿಯೂ ಥ್ರೆಡ್ ಕೊರೆದಿದ್ದೆ. ನೋಡೋಕೆ ಚೆಂದ, ಸುಳ್ಳು ಹೇಳಲ್ಲ. ಆದರೆ ಮಷಿನ್‌ನಲ್ಲಿ ಅಂಥ ಬೋಲ್ಟ್ ಸುಮಾರು 1,400. ಫೈಲ್ ಒಂದೇ ಸಲ ಲೋಡ್ ಆಗುತ್ತೆ ತಾನೇ, ಏನು ಭಾರ ಅನ್ನಿಸಬಹುದು. ಲೋಡ್ ಒಂದೇ ಸಲ, ನಿಜ. ಬಿಡಿಸೋದು ಮಾತ್ರ 1,400 ಸಲ. ಡ್ರಾಯಿಂಗ್ ಶೀಟ್‌ಗೆ ಹೋದರಂತೂ ಯಾವ ಗೆರೆ ಕಾಣಬೇಕು, ಯಾವುದು ಹಿಂದೆ ಮರೆಯಾಗಬೇಕು ಅನ್ನೋ ಲೆಕ್ಕವನ್ನು ಪ್ರತಿ ಬೋಲ್ಟ್‌ನ ಪ್ರತಿ ಸುತ್ತಿಗೂ ಹಾಕಬೇಕು. ಒಂದು ವ್ಯೂ ಅಪ್‌ಡೇಟ್ ಆಗೋದರೊಳಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರಬಹುದಿತ್ತು.

ಆಮೇಲೆ ಟೂಲ್‌ಬಾಕ್ಸ್ ಬೋಲ್ಟ್‌ಗೆ ಬದಲಾಯಿಸಿ `Thread display` ಅನ್ನು `Cosmetic` ಮಾಡಿದೆ. ಈಗ ಬೋಲ್ಟ್ ಅಂದರೆ 8 ಮಿಮೀ ದುಂಡು ಕಡ್ಡಿ, ಅದರ ಮೇಲೊಂದು ತಲೆ, ಥ್ರೆಡ್ ಇದೆ ಅಂತ ಹೇಳೋ ಒಂದು ಗೆರೆ. ಡ್ರಾಯಿಂಗ್‌ನಲ್ಲಿ ಎಂ8 ಅಂತ ಬಂದರೆ ಸಾಕು. ಟ್ಯಾಪ್ ಹಾಕುವವನು ಮಾಡೆಲ್ ನೋಡಿ ಹಾಕಲ್ಲ ಅಲ್ವಾ, 6.8 ಡ್ರಿಲ್ ಹೊಡೆದು ತೂತಿಗೆ ಥ್ರೆಡ್ ಕೊರೆಯೋ ಟ್ಯಾಪ್ ಇಳಿಸುತ್ತಾನೆ.

ಇಷ್ಟು ಮಾಡಿದ ಮೇಲೂ ಐದು ನಿಮಿಷ ಹಿಡಿಯುತ್ತಿತ್ತು. ಆಗ ಸಿಕ್ಕಿದ್ದು ಈ ಸಾಫ್ಟ್‌ವೇರ್‌ನಲ್ಲಿ ನನಗೆ ಅತಿ ಇಷ್ಟವಾದ ಜಾಗ. `Assembly Visualization` ತೆರೆದು `Graphics-Triangles` ಅನ್ನೋ ಕಾಲಂ ಹಾಕಿಕೊಂಡರೆ, ಪರದೆ ಮೇಲೆ ಬಿಡಿಸೋಕೆ ಯಾವ ಪಾರ್ಟ್‌ಗೆ ಎಷ್ಟು ತ್ರಿಕೋನ ಬೇಕು ಅನ್ನೋದನ್ನು ಸಾಲಾಗಿ ತೋರಿಸುತ್ತೆ. ಮೇಲೆ ಫ್ರೇಮ್ ಇರುತ್ತೆ ಅಂದ್ಕೊಂಡಿದ್ದೆ. ನೋಡಿದರೆ ಹೆಬ್ಬೆರಳ ಗಾತ್ರದ ಒಂದು ಗಾಳಿ ಫಿಟ್ಟಿಂಗ್! ಸಿಲಿಂಡರ್ ವೇಗ ಕಡಿಮೆ ಜಾಸ್ತಿ ಮಾಡೋ ಸಣ್ಣ ನಾಬ್ ಇರುತ್ತಲ್ಲ, ಅದು. ತಯಾರಕರ ಸೈಟ್‌ನಿಂದ ಇಳಿಸಿಕೊಂಡಿದ್ದೆ. ಯಾರು ಅಂತ ಬೇಡ. ನಾಬ್ ಸುತ್ತ ನರ್ಲಿಂಗ್, ಒಳಗೆ ಸ್ಪ್ರಿಂಗ್, ಓ ರಿಂಗ್, ಸೂಜಿ, ಸೂಜಿಗೂ ಥ್ರೆಡ್. ಹೊರಗಿನಿಂದ ಇದ್ಯಾವುದೂ ಕಾಣಲ್ಲ. ಒಂದಕ್ಕೆ ಸುಮಾರು 90,000 ತ್ರಿಕೋನ. ಮಷಿನ್‌ನಲ್ಲಿ 64 ಇತ್ತು. ಗುಣಿಸಿ ನೋಡಿ, 57 ಲಕ್ಷದ ಮೇಲೆ. ಹೊಸ ಬೋಲ್ಟ್‌ಗಳೋ, ಒಂದಕ್ಕೆ 400ರ ಹಾಗೆ, 1,400 ಸೇರಿದರೂ ಆರು ಲಕ್ಷ ದಾಟಲಿಲ್ಲ.

ಆ ಫಿಟ್ಟಿಂಗ್ ಅನ್ನು ಅರ್ಧ ಗಂಟೆಯಲ್ಲಿ ಹೊಸದಾಗಿ ಬರೆದೆ. ಒಂದು ಸ್ಕೆಚ್, ಒಂದು ರಿವಾಲ್ವ್, ಪೈಪ್ ಬಾಯಿಗೆ ಇನ್ನೊಂದು ಸಿಲಿಂಡರ್. ಮೂರು ವಿಷಯ ಮಾತ್ರ ಸರಿಯಾಗಿ ಅಳೆದು ಇಟ್ಟೆ: ಸಿಲಿಂಡರ್‌ಗೆ ಕೂರುವ ಮುಖ, ಪೈಪ್ ಹೊರಡುವ ಜಾಗ, ಮತ್ತು ನಾಬ್ ಪೂರ್ತಿ ಬಿಚ್ಚಿದಾಗಿನ ಎತ್ತರ. ಮೂರನೆಯದನ್ನು ಮರೆತರೆ ಆಪರೇಟರ್ ಬೆರಳು ಕವರ್‌ಗೆ ತಾಗುತ್ತೆ. ಪಾರ್ಟ್ ನಂಬರ್ ಹಳೆಯದೇ ಇಟ್ಟೆ, ಇಲ್ಲದಿದ್ದರೆ ಪಾರ್ಟ್ ಪಟ್ಟಿ, ಅಂದರೆ ಬಿಒಎಂ, ಕೆಡುತ್ತೆ. ತೂಕವನ್ನು ಕೈಯಾರೆ ಟೈಪ್ ಮಾಡಿದೆ, ಯಾಕಂದರೆ ಈಗದು ಒಳಗೆ ಗಟ್ಟಿ ಲೋಹದ ತುಂಡು, ತೂಕ ಸುಳ್ಳು ತೋರಿಸುತ್ತೆ. ಮಷಿನ್ ಒಂದೂವರೆ ನಿಮಿಷಕ್ಕೆ ತೆರೀತು. ಟೀ ಹೇಳೋಕೂ ಟೈಮ್ ಇಲ್ಲ!

ಇಲ್ಲಿಗೆ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಟ್ಟು ಎದ್ದು ಹೋಗುತ್ತಿದ್ದೆ. ನಿಲ್ಲಿಸಲಿಲ್ಲ. ಸಣ್ಣದು ಮಾಡೋ ಚಟ ಹತ್ತಿತು. ಪ್ರತಿ ಪಾರ್ಟ್‌ಗೂ `Simplified` ಅಂತ ಇನ್ನೊಂದು ಕಾನ್ಫಿಗರೇಶನ್ ಮಾಡಿ, ಅದರಲ್ಲಿ ಫಿಲೆಟ್, ಅಂದರೆ ಅಂಚು ಮೂಲೆಗಳನ್ನು ದುಂಡು ಮಾಡಿದ್ದು, ಎಲ್ಲ ಸಪ್ರೆಸ್ ಮಾಡಿ ಅಡಗಿಸಿದೆ. ಫಿಲೆಟ್‌ಗಳನ್ನು ಟ್ರೀ ಕೊನೆಯಲ್ಲಿ ಒಂದೇ ಫೋಲ್ಡರ್‌ಗೆ ತಳ್ಳಿದ್ದೆ, ಹಾಗಾಗಿ ಒಂದೇ ಕ್ಲಿಕ್. ಪಾರ್ಟ್‌ಗಳನ್ನು ಒಂದಕ್ಕೊಂದು ಕೂರಿಸೋ ಕೆಲವು ಮೇಟ್ ಮುರಿದವು. ಫಿಲೆಟ್ ಅಂಚನ್ನೇ ಹಿಡಿದು ಮೇಟ್ ಕೊಟ್ಟಿದ್ದೆ, ಅಂಚೇ ಹೋದ ಮೇಲೆ ಅದು ಯಾವುದನ್ನು ಹಿಡಿಯಬೇಕು? ಪ್ಲೇನ್‌ಗೆ ಕೊಟ್ಟು ಸರಿ ಮಾಡಿದೆ.

ಕೊನೆಗೆ, ಪಾರ್ಟ್‌ಗೆ ಪಾರ್ಟ್ ಡಿಕ್ಕಿ ಹೊಡೆಯುತ್ತಾ ಅಂತ ನೋಡೋ `Interference Detection` ಓಡಿಸಿದೆ. 8 ಮಿಮೀ ಕಡ್ಡಿ 6.8 ತೂತಿನಲ್ಲಿ ಕೂತಿದ್ದರಿಂದ ಪ್ರತಿ ಟ್ಯಾಪ್ ತೂತೂ ಡಿಕ್ಕಿ ಅಂತ ಬಂತು, ನೂರಾರು. `Create fasteners folder` ಟಿಕ್ ಮಾಡಿದೆ, ಎಲ್ಲವೂ ಒಂದು ಫೋಲ್ಡರ್‌ಗೆ ಹೋದವು. ಹೊರಗೆ ಉಳಿದದ್ದು ಸೊನ್ನೆ. ಖುಷಿಯಿಂದ ಡ್ರಾಯಿಂಗ್ ಬಿಟ್ಟೆ.

ಮೂರು ವಾರ ಆದ ಮೇಲೆ ಫಿಟ್ಟರ್ ಅಣ್ಣ ಕರೆದ. "ಸಾರ್, ಗೇರ್‌ಬಾಕ್ಸ್ ಬ್ರಾಕೆಟ್ ಹತ್ರ ವಾಷರ್ ಕೂರ್ತಾ ಇಲ್ಲ ಕಣ್ರೀ, ಬಂದ್ ನೋಡಿ." ಹೋಗಿ ನೋಡಿದರೆ ವಾಷರ್ ಓರೆಯಾಗಿ, ಒಂದು ಕಡೆ ಎದ್ದು ನಿಂತಿದೆ. ಬ್ರಾಕೆಟ್ ಎರಕದ್ದು, ಗೋಡೆ ಬುಡದಲ್ಲಿ 6 ಮಿಮೀ ಫಿಲೆಟ್. ಬೋಲ್ಟ್ ಕೇಂದ್ರದಿಂದ ಗೋಡೆಗೆ 10 ಮಿಮೀ. ವಾಷರ್ ವ್ಯಾಸ 16, ಅಂದರೆ ಅದರ ಅಂಚು ಗೋಡೆಯಿಂದ ಬರೀ 2 ಮಿಮೀ ದೂರ. ಫಿಲೆಟ್ ಶುರುವಾಗೋದೇ 6 ಮಿಮೀ ದೂರದಿಂದ. ವಾಷರ್ ಅಂಚು ಬರೋ ಜಾಗದಲ್ಲಿ ಎರಕ ಒಂದೂವರೆ ಮಿಮೀ ಎದ್ದಿದೆ. ನನ್ನ ಮಾಡೆಲ್‌ನಲ್ಲಿ ಆ ಮೂಲೆ ಚೌಕ, ಮೇಲೆ 2 ಮಿಮೀ ಗ್ಯಾಪ್ ಬೇರೆ. ಡಿಕ್ಕಿ ಎಲ್ಲಿಂದ ಬರಬೇಕು? ಫಿಲೆಟ್ ಬಿಟ್ಟಿರದಿದ್ದರೆ ಅಂದು ಬರುತ್ತಿತ್ತು, ಫಾಸ್ಟನರ್ ಫೋಲ್ಡರ್ ಒಳಗಾದರೂ.

ಅಣ್ಣ ಗ್ರೈಂಡರ್ ಹಿಡಿದ, ನಾನು ತಡೆದೆ. ಬುಡದ ಫಿಲೆಟ್ ತೆಗೆದರೆ ಎರಕ ಅಲ್ಲೇ ಬಿರುಕು ಬಿಡೋದು. ಆರು ಬ್ರಾಕೆಟ್‌ಗೆ ಸಣ್ಣ ವಾಷರ್ ಹುಡುಕಿದರೂ ಬೋಲ್ಟ್ ತಲೆಯೇ ಮೂಲೆಯಿಂದ ಮೂಲೆಗೆ 14 ಮಿಮೀ ಮೇಲಿದೆ, ಅದೂ ತಾಗುತ್ತೆ. ಕೊನೆಗೆ ತೂತು ಬದಲಿಸಿ ಗೋಡೆಯಿಂದ 15 ಮಿಮೀಗೆ ತಂದು ಹೊಸದಾಗಿ ಡ್ರಿಲ್ ಮಾಡಿಸಿದೆವು. ಲೆಕ್ಕಕ್ಕೆ 14 ಸಾಕು, ಎರಕ ಅಷ್ಟು ನಿಖರ ಇರಲ್ಲ ಅಂತ ಒಂದು ಸೇರಿಸಿದೆ. ಹಳೆಯ ತೂತುಗಳು ಹಾಗೇ ಬಾಯಿ ಬಿಟ್ಟುಕೊಂಡು ನಿಂತಿವೆ. ಅಣ್ಣ ಆ ಕಡೆ ಹೋದಾಗೆಲ್ಲ ಅದರೊಳಗೆ ಬೆರಳಿಟ್ಟು ತೋರಿಸುತ್ತಾನೆ.

ಈಗ ನಾನು ಫಿಲೆಟ್ ಫೋಲ್ಡರ್ ಎರಡು ಇಟ್ಟಿದ್ದೇನೆ. ಹೊರ ಅಂಚು ಮೊಂಡು ಮಾಡಿದವು, ಬರೀ ಕಣ್ಣಿಗೆ ಕಾಣೋಕೆ ಇರುವವು ಒಂದರಲ್ಲಿ, ಅವು ಸಪ್ರೆಸ್. ವಾಷರ್, ಬೇರಿಂಗ್, ಇನ್ನೊಂದು ಪಾರ್ಟ್ ಯಾವುದಾದರೂ ಪಕ್ಕದಲ್ಲಿ ಕೂರುವ ಒಳ ಮೂಲೆಗಳದ್ದು ಇನ್ನೊಂದರಲ್ಲಿ, ಅದನ್ನು ಮುಟ್ಟಲ್ಲ. ಡ್ರಾಯಿಂಗ್ ಬಿಡೋ ಮುಂಚೆ ಎರಕದ ಪಾರ್ಟ್‌ಗಳನ್ನು ಪೂರ್ತಿ ಕಾನ್ಫಿಗರೇಶನ್‌ಗೆ ತಂದು ಡಿಕ್ಕಿ ಪರೀಕ್ಷೆ ಮತ್ತೊಮ್ಮೆ ಓಡಿಸುತ್ತೇನೆ. ಫಾಸ್ಟನರ್ ಫೋಲ್ಡರನ್ನೂ ತೆರೆದು ನೋಡುತ್ತೇನೆ. ಬಾಟಲಿ ಮುಚ್ಚಳದ ಥ್ರೆಡ್ ಮಾತ್ರ ನಿಜವಾಗಿ ಕೊರೆದಿದ್ದೇನೆ, ಮಷಿನ್ ತಿರುಗಿಸೋದೇ ಅದನ್ನು.

ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಆಗಿದ್ದು ನನ್ನ ಲೆಕ್ಕಕ್ಕೆ, ಸಾಫ್ಟ್‌ವೇರ್ ಲೆಕ್ಕಕ್ಕಲ್ಲ. ಗ್ರಾಫಿಕ್ಸ್ ಕಾರ್ಡ್ ಇವತ್ತಿಗೂ ಹಳೆಯದೇ. ಟೀಗೆ ಈಗ ಫೈಲ್ ತೆರೆದ ಮೇಲೆ ಹೋಗುತ್ತೇನೆ.