ಮಗನ ಫೋನಲ್ಲಿ ವಿಪಿಎನ್ ಇದೆ, ಹೆದರಬೇಕಾ? ಮೂರು ದಾರಿ ನಾನೇ ಹಾಕಿ ನೋಡಿದೆ

ಗೋಣಿಕೊಪ್ಪಲಿನಲ್ಲಿ ನನ್ನದೊಂದು ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ತಿಂಗಳ ಹಿಂದೆ ಸಿದ್ದಾಪುರ ಕಡೆಯ ಅಕ್ಕ ಒಬ್ಬರು ಬಂದರು. ಮಗ ಹತ್ತನೇ ಕ್ಲಾಸು. "ಅಣ್ಣ, ಇವನ ಫೋನಿನ ಮೇಲ್ಗಡೆ ಟೈಮ್ ಪಕ್ಕ ಒಂದು ಸಣ್ಣ ಬೀಗದ ಕೈ ಚಿತ್ರ ಯಾವಾಗಲೂ ಇರುತ್ತೆ. ಕೇಳಿದ್ರೆ ವಿಪಿಎನ್, ಗೇಮ್‌ಗೆ ಅಂತಾನೆ. ಇದು ಕೆಟ್ಟದ್ದಾ? ಫೋನ್ ಕಿತ್ತುಕೊಳ್ಳಬೇಕಾ?" ಅಂತ ಕೇಳಿದರು.

ಕಿತ್ತುಕೊಳ್ಳಬೇಡಿ, ಸ್ವಲ್ಪ ದಿನ ಕೊಡಿ, ನಾನೇ ಹಾಕಿ ನೋಡ್ತೀನಿ ಅಂದೆ. ಅಂಗಡಿಯಲ್ಲಿದ್ದ ಒಂದು ಹಳೆ ಆಂಡ್ರಾಯ್ಡ್ ಫೋನನ್ನು ಪೂರ್ತಿ ಖಾಲಿ ಮಾಡಿ, ಹೊಸ ಸಿಮ್ ಹಾಕಿ, ಮೂರು ದಾರಿಯನ್ನು ಒಂದಾದ ಮೇಲೆ ಒಂದು ನೋಡಿದೆ. ಹುಡುಗ ಹಾಕಿಕೊಂಡಿದ್ದ ಜಾಹೀರಾತಿನ ಪುಕ್ಕಟೆ ವಿಪಿಎನ್ ಒಂದು. ಪ್ರೋಟಾನ್ ವಿಪಿಎನ್‌ನ ಪುಕ್ಕಟೆ ಆವೃತ್ತಿ ಎರಡನೆಯದು. ಮೂರನೆಯದು ವಿಪಿಎನ್ ಬಿಟ್ಟು, ಮನೆಯ ರೂಟರ್‌ನಲ್ಲೇ ಫಿಲ್ಟರ್ ಹಾಕುವುದು.

ಮೊದಲು ವಿಪಿಎನ್ ಮಾಡುವ ಕೆಲಸ ಏನು ಅಂತ ಹೇಳಿಬಿಡ್ತೀನಿ. ಸಾಮಾನ್ಯವಾಗಿ ನಿಮ್ಮ ಫೋನಿನಿಂದ ಹೊರಟಿದ್ದು ಇಂಟರ್ನೆಟ್ ಕೊಟ್ಟ ಕಂಪನಿಯ ಮೂಲಕ ಹೋಗುತ್ತೆ. ಯಾವ ಸೈಟಿಗೆ ಹೋದಿರಿ ಅನ್ನೋದು ಅವರಿಗೆ ಕಾಣುತ್ತೆ, ಸೈಟಿನ ಒಳಗೆ ಓದಿದ್ದು ಬರೆದದ್ದು ಹೆಚ್ಚಾಗಿ ಕಾಣಲ್ಲ. ವಿಪಿಎನ್ ಹಾಕಿದರೆ ಅವರಿಗೆ ಸೈಟಿನ ಹೆಸರೂ ಕಾಣಲ್ಲ. ಆದರೆ ಅದು ಈಗ ವಿಪಿಎನ್ ನಡೆಸುವವರಿಗೆ ಕಾಣುತ್ತೆ. ಅಂದ್ರೆ ಒಬ್ಬರ ಮೇಲಿನ ನಂಬಿಕೆ ತೆಗೆದು ಇನ್ನೊಬ್ಬರ ಮೇಲೆ ಇಟ್ಟ ಹಾಗೆ. ಹಾಗಾಗಿ ನಾನು ಹುಡುಕಿದ್ದು ಆ ಇನ್ನೊಬ್ಬರು ಯಾರು ಅನ್ನೋದನ್ನ.

ಹುಡುಗನ ಆಪ್‌ನಿಂದ ಶುರು ಮಾಡಿದೆ. ಹಾಕಿ ಕನೆಕ್ಟ್ ಒತ್ತಿದ ತಕ್ಷಣ ಆಂಡ್ರಾಯ್ಡೇ ಒಂದು ಎಚ್ಚರಿಕೆ ತೋರಿಸುತ್ತೆ: ಈ ಆಪ್ ನಿಮ್ಮ ನೆಟ್‌ವರ್ಕ್ ಓಡಾಟವನ್ನು ಗಮನಿಸಬಹುದು, ನಂಬಿಕೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ ಅಂತ. ಎಲ್ಲ ವಿಪಿಎನ್‌ಗೂ ಇದು ಬರುತ್ತೆ, ಮಕ್ಕಳು ಓದದೆ ಓಕೆ ಒತ್ತುತ್ತಾರೆ. ಆಮೇಲೆ ಒಂದು ವಿಡಿಯೋ ಜಾಹೀರಾತು ನೋಡಿದರೆ ಒಂದು ಗಂಟೆ, ಇನ್ನೊಂದು ನೋಡಿದರೆ ಇನ್ನೊಂದು ಗಂಟೆ. ನಡುನಡುವೆ ಫೋನಿಗೆ ವೈರಸ್ ಬಂದಿದೆ, ಕ್ಲೀನ್ ಮಾಡಿ ಅನ್ನೋ ಜಾಹೀರಾತು, ಬೆಟ್ಟಿಂಗ್ ಜಾಹೀರಾತು. ಹದಿನೈದು ವರ್ಷದ ಹುಡುಗ ದಿನಕ್ಕೆ ಎಷ್ಟು ಸಲ ಇದನ್ನ ನೋಡಿರಬೇಕು ಅಂತ ಯೋಚಿಸಿ ನನಗೆ ಬೇಜಾರಾಯಿತು.

ಎರಡು ಪರೀಕ್ಷೆ ಮಾಡಿದೆ. ಎರಡೂ ಯಾರು ಬೇಕಾದರೂ ಮಾಡಬಹುದು. ಮೊದಲನೆಯದು ಸೋರಿಕೆ. ವಿಪಿಎನ್ ಆನ್ ಇಟ್ಟು ಬ್ರೌಸರ್‌ನಲ್ಲಿ dnsleaktest.com ತೆರೆದು ಟೆಸ್ಟ್ ಒತ್ತಿ. ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸರ್ವರ್‌ಗೆ ಡಿಎನ್‌ಎಸ್ (DNS) ಅಂತಾರೆ, ಅದು ಯಾರದ್ದು ಅಂತ ಈ ಟೆಸ್ಟ್ ತೋರಿಸುತ್ತೆ. ನಾನು ಒತ್ತಿದಾಗ ಬಂದದ್ದು ನಮ್ಮ ಸಿಮ್ ಕಂಪನಿಯ ಹೆಸರೇ! ಯಾವ ಸೈಟಿಗೆ ಹೋದ ಅನ್ನೋದು ಸಿಮ್ ಕಂಪನಿಗೂ ಹೋಗ್ತಿತ್ತು, ಉಳಿದ ಓಡಾಟ ಎಲ್ಲ ಈ ಹೆಸರಿಲ್ಲದ ಆಪ್‌ನವರ ಕೈಯಲ್ಲಿ. ಮುಚ್ಚಿಡ್ತೀನಿ ಅಂತ ಹೇಳಿದ್ದನ್ನೇ ಅದು ಮಾಡಿರಲಿಲ್ಲ.

ಎರಡನೆಯದು ರಾತ್ರಿ ಲೆಕ್ಕ. ವೈಫೈ ಆಫ್ ಮಾಡಿ, ಪ್ಲೇ ಸ್ಟೋರ್ ಅಪ್‌ಡೇಟ್ ನಿಲ್ಲಿಸಿ, ರಾತ್ರಿ ಹತ್ತಕ್ಕೆ ಡೇಟಾ ಬ್ಯಾಲೆನ್ಸ್ ಬರೆದಿಟ್ಟು, ಫೋನ್ ಮುಟ್ಟದೆ ಬೆಳಗ್ಗೆ ಆರಕ್ಕೆ ಮತ್ತೆ ನೋಡಿದೆ. ವಿಪಿಎನ್ ಇಲ್ಲದ ರಾತ್ರಿ ಸುಮಾರು 20 ಎಂಬಿ ಹೋಗಿತ್ತು. ಈ ಆಪ್ ಆನ್ ಇದ್ದ ರಾತ್ರಿ 300 ಎಂಬಿಗಿಂತ ಜಾಸ್ತಿ. ಇನ್ನೊಂದು ರಾತ್ರಿ ನೋಡಿದೆ, ಹೆಚ್ಚುಕಮ್ಮಿ ಅಷ್ಟೇ. ಮಲಗಿದ್ದ ಫೋನು ಏನು ಕಳಿಸುತ್ತಿತ್ತು, ಏನು ತರಿಸುತ್ತಿತ್ತು ಅಂತ ಈ ಲೆಕ್ಕದಿಂದ ಹೇಳಕ್ಕಾಗಲ್ಲ. ಜಾಹೀರಾತು ತುಂಬಿಕೊಳ್ಳುತ್ತಿದ್ದಿರಬಹುದು. ಆದರೆ ಕೆಲವು ಪುಕ್ಕಟೆ ವಿಪಿಎನ್‌ಗಳು ಇನ್ನೊಂದು ಕೆಲಸ ಮಾಡಿ ಸಿಕ್ಕಿಬಿದ್ದಿವೆ. ನಿಮ್ಮ ಮನೆಯ ಕನೆಕ್ಷನ್ನನ್ನೇ ಬೇರೆಯವರಿಗೆ ಬಾಡಿಗೆಗೆ ಕೊಡೋದು. 2024ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸರು 911 S5 ಅನ್ನೋ ಜಾಲವನ್ನು ಮುಚ್ಚಿಸಿದರು. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್ ತರಹದ ಪುಕ್ಕಟೆ ಪ್ರೋಗ್ರಾಂ ಹಾಕಿಕೊಂಡ ವಿಂಡೋಸ್ ಕಂಪ್ಯೂಟರ್‌ಗಳ ಮೂಲಕ ಮೋಸಗಾರರು ಓಡಾಡುತ್ತಿದ್ದರು. ಹಾಗೆ ಬಳಕೆಯಾದ ಐಪಿ ವಿಳಾಸಗಳು, ಅಂದ್ರೆ ಇಂಟರ್ನೆಟ್‌ನಲ್ಲಿ ಒಂದು ಕನೆಕ್ಷನ್ನನ್ನು ಗುರುತಿಸುವ ನಂಬರ್‌ಗಳು, 1 ಕೋಟಿ 90 ಲಕ್ಷಕ್ಕೂ ಹೆಚ್ಚು. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ, ಯಾರೋ ಮಾಡಿದ ಮೋಸಕ್ಕೆ ಮೊದಲು ಕಾಣೋದು ನಿಮ್ಮ ಮನೆಯ ಐಪಿ ವಿಳಾಸ. ಅಕ್ಕನಿಗೆ ಇದನ್ನು ಹೇಳಿದಾಗ ಅವರು ಸುಮ್ಮನಾಗಿಬಿಟ್ಟರು.

ಪ್ರೋಟಾನ್ ಹಾಕಿದಾಗ ಚಿತ್ರ ಬೇರೆ. ಒಂದೇ ಫೋನಿಗೆ ನಡೆಯುತ್ತೆ, ಯಾವ ದೇಶ ಅಂತ ನಾವು ಆರಿಸುವ ಹಾಗಿಲ್ಲ, ಅದೇ ಆರಿಸುತ್ತೆ. ಜಾಹೀರಾತಿಲ್ಲ, ಡೇಟಾ ಮಿತಿ ಇಲ್ಲ. ದುಡ್ಡು ಕೊಡುವ ಗಿರಾಕಿಗಳಿಂದ ಇವರ ಖರ್ಚು ನಡೆಯುತ್ತೆ. ಪುಕ್ಕಟೆ ವಿಪಿಎನ್ ನೋಡುವಾಗ ನಾನು ಮೊದಲು ಹುಡುಕೋದು ಇದನ್ನೇ, ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ. ಸೋರಿಕೆ ಪರೀಕ್ಷೆಯಲ್ಲಿ ನಮ್ಮ ಸಿಮ್ ಕಂಪನಿಯ ಹೆಸರು ಬರಲಿಲ್ಲ. ರಾತ್ರಿ ಲೆಕ್ಕ 30 ಎಂಬಿ ಒಳಗೇ ಇತ್ತು.

ತೊಂದರೆ ಇಲ್ಲದೆ ಇಲ್ಲ. ಬ್ಯಾಂಕಿನ ಆಪ್ ತೆರೆಯಲಿಲ್ಲ, ವಿಪಿಎನ್ ಆಫ್ ಮಾಡಿ ಅಂತು. ಹುಡುಕಿದಾಗೆಲ್ಲ ನೀವು ರೋಬೋಟ್ ಅಲ್ಲ ಅಂತ ತೋರಿಸಿ ಅನ್ನೋ ಚಿತ್ರಗಳು. ಹುಡುಗ ಹೇಳಿದ ಗೇಮ್ ಕಾರಣವನ್ನೂ ನೋಡಿದೆ. ಗೇಮ್ ಸರ್ವರ್‌ಗೆ ಹೋಗಿ ಬರುವ ಹೊತ್ತಿಗೆ ಮಕ್ಕಳು ಪಿಂಗ್ ಅಂತಾರೆ, ಕಮ್ಮಿ ಇದ್ದಷ್ಟೂ ಒಳ್ಳೇದು. ಅಂಗಡಿಯ ಫೈಬರ್‌ನಲ್ಲಿ ವಿಪಿಎನ್ ಇಲ್ಲದೆ 50 ಮಿಲಿಸೆಕೆಂಡ್ ಆಸುಪಾಸು, ಹಾಕಿದ ಮೇಲೆ 200 ದಾಟಿತು. ಓಟ ಬೇರೆ ದೇಶ ಸುತ್ತಿ ಬರಬೇಕಲ್ವಾ. ಕಂಪನಿಯ ದಾರಿ ಕೆಟ್ಟಿದ್ದ ದಿನ ವಿಪಿಎನ್‌ನಿಂದ ಪಿಂಗ್ ಇಳಿಯೋದೂ ಉಂಟು, ಹಾಗಾಗಿ ಹುಡುಗ ಸುಳ್ಳು ಹೇಳಿದ ಅಂತ ತೀರ್ಮಾನ ಮಾಡಬೇಡಿ. ಗೆಳೆಯ ಯಾರೋ ಹೇಳಿದ್ದನ್ನ ನಂಬಿರ್ತಾನೆ.

ಮೂರನೆಯ ದಾರಿ ರೂಟರ್ ಫಿಲ್ಟರ್. ಇದನ್ನು ನನ್ನ ಮನೆಯಲ್ಲೇ ಮಾಡಿದೆ. ರೂಟರ್ ಪುಟ ತೆರೆದು (ಹೆಚ್ಚಿನವುಗಳಲ್ಲಿ 192.168.1.1), DHCP ವಿಭಾಗದಲ್ಲಿ DNS ಜಾಗಕ್ಕೆ ಇವನ್ನು ಹಾಕಬೇಕು:

```
1.1.1.3
1.0.0.3
```

ಇದು ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಮನೆಗಳಿಗಾಗಿ ಶುರು ಮಾಡಿದ್ದು, ದುಡ್ಡಿಲ್ಲ. ಅಶ್ಲೀಲ ಸೈಟು, ವೈರಸ್ ಹರಡುವ ಸೈಟು ಎರಡನ್ನೂ ತೆರೆಯಲು ಬಿಡಲ್ಲ. ಹತ್ತು ನಿಮಿಷದ ಕೆಲಸ, ವೇಗಕ್ಕೆ ಏನೂ ಆಗಲಿಲ್ಲ. ಆದರೆ ಎರಡು ತೂತು. ಫೋನಲ್ಲಿ ವಿಪಿಎನ್ ಆನ್ ಮಾಡಿದ ಕೂಡಲೇ ಈ ಫಿಲ್ಟರ್ ಲೆಕ್ಕಕ್ಕಿಲ್ಲ, ಪ್ರೋಟಾನ್ ಹಾಕಿ ನೋಡಿದೆ, ತಡೆದ ಸೈಟು ಸಲೀಸಾಗಿ ತೆರೆಯಿತು. ಇನ್ನೊಂದು ನಮ್ಮ ಕಡೆಯ ಸಂಗತಿ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಎರಡು ಮೂರು ದಿನ ಎಲ್ಲರೂ ಸಿಮ್ ಡೇಟಾದಲ್ಲೇ ಇರ್ತೀವಿ, ಆಗ ರೂಟರ್ ಫಿಲ್ಟರ್ ಎಲ್ಲಿಂದ ಬರುತ್ತೆ? ಅದಕ್ಕೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತಲ್ಲ, ಅಲ್ಲಿ `family.cloudflare-dns.com` ಬರೆದರೆ ಸಿಮ್ ಡೇಟಾದಲ್ಲೂ ಕೆಲಸ ಮಾಡುತ್ತೆ. ಮಗನಿಗೆ ಗೊತ್ತಿದ್ದರೆ ತೆಗೆಯಬಹುದು ಅನ್ನೋದೂ ನಿಜ.

ಸಣ್ಣ ತಮ್ಮ ತಂಗಿಯರಿರುವ ಮನೆಗೆ ನಾನು ಮೂರನೆಯದನ್ನೇ ಹಾಕಿಕೊಡ್ತೀನಿ. ಹಾಸ್ಟೆಲ್, ಬಸ್‌ಸ್ಟ್ಯಾಂಡ್, ಲಾಡ್ಜ್ ವೈಫೈ ಬಳಸುವ ದೊಡ್ಡ ಮಕ್ಕಳಿಗೆ ಎರಡನೆಯದರಿಂದ ಉಪಯೋಗ ಇದೆ. ಮೊದಲನೆಯದು ಯಾರ ಫೋನಲ್ಲೂ ಬೇಡ.

ಅಕ್ಕ ಇನ್ನೊಂದು ಕೇಳಿದರು, ಇದು ಕಾನೂನಿಗೆ ವಿರುದ್ಧವಾ ಅಂತ. ನಮ್ಮ ದೇಶದಲ್ಲಿ ವಿಪಿಎನ್ ಬಳಸೋದೇ ಅಪರಾಧ ಅನ್ನೋ ಕಾನೂನಿಲ್ಲ. 2022ರಲ್ಲಿ ಬಂದ ನಿಯಮ ಕಂಪನಿಗಳ ಮೇಲೆ, ಗಿರಾಕಿಗಳ ವಿವರ ಐದು ವರ್ಷ ಇಟ್ಟುಕೊಳ್ಳಬೇಕು ಅಂತ. ಅದಕ್ಕೇ ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್ ತೆಗೆದವು. ಆದರೆ ವಿಪಿಎನ್ ಹಾಕಿ ದುಡ್ಡಿನ ಆಟ ಆಡಿದರೆ ಅದು ಬೇರೆ ವಿಷಯ. 2025ರ ಕಾನೂನು ಆನ್‌ಲೈನ್ ದುಡ್ಡಿನ ಆಟಗಳನ್ನೇ ನಿಷೇಧಿಸಿದೆ.

ಹಾಗಾದ್ರೆ ಯಾವಾಗ ಹೆದರಬೇಕು? ಬೀಗದ ಕೈ ಚಿತ್ರ ಒಂದನ್ನೇ ನೋಡಿ ಹೆದರಬೇಡಿ, ಜಾಹೀರಾತು ತಡೆಯುವ ಕೆಲವು ಆಪ್‌ಗಳೂ ಅದೇ ಚಿತ್ರ ತೋರಿಸುತ್ತವೆ. ಆ ಚಿತ್ರ ಇಲ್ಲ ಅಂತ ನಿಶ್ಚಿಂತೆಯೂ ಬೇಡ, ಬ್ರೌಸರ್ ಒಳಗಿನ ವಿಪಿಎನ್‌ಗೆ ಚಿತ್ರ ಬರಲ್ಲ. ಆಪ್ ಪ್ಲೇ ಸ್ಟೋರ್‌ನಿಂದ ಬರದೆ ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಫೈಲ್ ಆಗಿದ್ದರೆ ಗಂಭೀರ. ಖಾತೆಯಿಂದ ಐವತ್ತು, ನೂರು ರೂಪಾಯಿ ಯುಪಿಐ ಮೂಲಕ ಗೊತ್ತಿಲ್ಲದ ಹೆಸರುಗಳಿಗೆ ಹೋಗುತ್ತಿದ್ದರೆ ಇನ್ನೂ ಗಂಭೀರ, ಅಲ್ಲಿ ಕೇಳಬೇಕಾದ ಪ್ರಶ್ನೆ ಬೆಟ್ಟಿಂಗ್ ಬಗ್ಗೆ.

ಎಲ್ಲಕ್ಕಿಂತ ಕೆಟ್ಟದ್ದು ಆಪ್‌ನವರು ಫೋನಿಗೆ ಸೇರಿಸುವ ಸರ್ಟಿಫಿಕೇಟ್, ಅಂದ್ರೆ ಸೈಟು ಅಸಲಿ ಅಂತ ಫೋನು ನಂಬೋದಕ್ಕೆ ಬಳಸುವ ಗುರುತುಪತ್ರ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಒಳಗೆ ಹುಡುಕಿ Trusted credentials ತೆರೆದರೆ User ಅನ್ನೋ ಭಾಗ ಇರುತ್ತೆ. ಸಾಮಾನ್ಯ ಮನೆಯ ಫೋನಲ್ಲಿ ಅದು ಖಾಲಿ ಇರಬೇಕು. ಅಲ್ಲಿ ಯಾವುದೋ ಆಪ್‌ನವರ ಹೆಸರಿದ್ದರೆ, ಸೈಟಿನ ಒಳಗೆ ಬರೆದದ್ದನ್ನೂ ಅವರು ಓದಬಹುದು. ಫೇಸ್‌ಬುಕ್ ಕಂಪನಿಯೇ ಇಂಥದ್ದನ್ನು ಮಾಡಿದ್ದು 2019ರಲ್ಲಿ ಹೊರಗೆ ಬಂತು. ಹದಿಮೂರು ವರ್ಷದ ಮಕ್ಕಳಿಗೂ ತಿಂಗಳಿಗೆ 20 ಡಾಲರ್ ತನಕ ಕೊಟ್ಟು ವಿಪಿಎನ್ ಹಾಕಿಸಿ ಫೋನ್ ಓಡಾಟ ನೋಡುತ್ತಿದ್ದರು.

ಮುಂದಿನ ಭಾನುವಾರ ಅಕ್ಕ ಮಗನನ್ನೇ ಕರಕೊಂಡು ಬಂದರು. ನಾನು ಬೈಯಲಿಲ್ಲ. ಎರಡು ರಾತ್ರಿಯ ಡೇಟಾ ಲೆಕ್ಕ ಬರೆದಿದ್ದ ಚೀಟಿ ಅವನ ಕೈಗೆ ಕೊಟ್ಟೆ, ಸೋರಿಕೆ ಪರೀಕ್ಷೆಯನ್ನ ಅವನ ಫೋನಲ್ಲಿ ಅವನ ಕೈಯಲ್ಲೇ ಮಾಡಿಸಿದೆ. ಸಿಮ್ ಕಂಪನಿಯ ಹೆಸರು ಬಂದದ್ದು ನೋಡಿ, "ಅಂಕಲ್, ಹಂಗಾದ್ರೆ ಇದು ಏನೂ ಮುಚ್ಚಿಡ್ತಾನೇ ಇರ್ಲಿಲ್ವಾ?" ಅಂದ. ಟ್ಯೂಷನ್‌ನ ವೈಫೈಯಲ್ಲಿ ಗೇಮ್ ಬ್ಲಾಕ್ ಇದೆ, ಅದಕ್ಕೇ ಹಾಕಿದ್ದು ಅಂತಲೂ ಆಗಲೇ ಹೇಳಿದ. ಅದನ್ನ ಅಮ್ಮನೂ ಮಗನೂ ಮಾತಾಡಿಕೊಳ್ಳಲಿ ಅಂತ ಬಿಟ್ಟೆ.

ಅವತ್ತು ಮಾಡಿದ ಕೆಲಸದ ಕ್ರಮ ಮಾತ್ರ ಹೇಳ್ತೀನಿ, ಹಿಂದುಮುಂದಾದರೆ ಉಪಯೋಗ ಇಲ್ಲ. ಮೊದಲು ಸೆಟ್ಟಿಂಗ್ಸ್‌ನ VPN ಪಟ್ಟಿಯಲ್ಲಿ ಅದನ್ನು ಸದಾ ಆನ್ ಇಡುವ Always-on ಆಫ್ ಮಾಡಿದೆವು. ಆಮೇಲೆ ಆಪ್ ತೆಗೆದೆವು. User ಭಾಗ ಖಾಲಿ ಇದೆಯಾ ನೋಡಿದೆವು, ಖಾಲಿ ಇತ್ತು. ಫೋನ್ ಆಫ್ ಮಾಡಿ ಆನ್ ಮಾಡಿ, ಬೀಗದ ಕೈ ಹೋದದ್ದು ನೋಡಿದ ಮೇಲೆಯೇ ಗೂಗಲ್ ಮತ್ತು ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಾಯಿಸಿದೆವು.